ಬಾಲ್ಕನಿ ಬಲೆಯ ಕೊಕ್ಕೆ ಗೋಡೆಯಿಂದ ಕಿತ್ತು ಬರುತ್ತಿದೆ, ಭಾನುವಾರ ಮನೆ ಬದಲಾವಣೆ

ಹೊಸಮನೆ: ಮಗುವಿನೊಂದಿಗೆ ಭಾನುವಾರ ಹೊಸ ಮನೆಗೆ ಹೋಗಬೇಕು. ಬಾಲ್ಕನಿಗೆ ಬಲೆ ಹಾಕಿಸಿದ್ದೇನೆ. ನಿನ್ನೆ ಎಳೆದು ನೋಡಿದರೆ ಎಡಗಡೆಯ ಎರಡು ಕೊಕ್ಕೆಗಳು ಪ್ಲಗ್ ಸಮೇತ ಕೈಗೆ ಬಂದವು. ಹಾಕಿದವರು ‘ಅಷ್ಟು ಜೋರಾಗಿ ಯಾರೂ ಎಳೆಯುವುದಿಲ್ಲ’ ಎನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಎಲ್ಲವನ್ನೂ ಕಿತ್ತು ಗ್ರಿಲ್ ಹಾಕಿಸಲೇ? ಕಿಟಕಿಗಳ ಕೆಲಸವೂ ಹಾಗೇ ಉಳಿದಿದೆ.

ತಂತಿಗಾರ: ಬಲೆಯನ್ನು ನಂಬಲೇಬೇಡಿ. ಬಿಸಿಲಿಗೆ ನೂಲು ಸುಟ್ಟು ಪುಡಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಗಳನ್ನು ಬಿಗಿದು ಕಟ್ಟಿಸಿ, ಸಮಸ್ಯೆ ಮುಗಿಯಿತು.

ಕಂಬಿಕೆಲಸ: ಸ್ವಲ್ಪ ತಾಳಿ. ಕಿತ್ತು ಬಂದದ್ದು ಕೊಕ್ಕೆ, ಹರಿದದ್ದು ಬಲೆಯಲ್ಲ. ಆ ತೂತಿನಿಂದ ಉದುರಿದ ಪುಡಿ ಯಾವ ಬಣ್ಣದ್ದು? ಮೇಲಿನ ಮತ್ತು ಬಲಗಡೆಯ ಕೊಕ್ಕೆಗಳನ್ನೂ ಎಳೆದಿರಾ? ಕಟಕಟೆಯ ಸರಳುಗಳು ನೆಟ್ಟಗಿವೆಯೋ ಅಡ್ಡಡ್ಡವೋ? ಬಲೆ ಅದರ ಒಳಗಿದೆಯೋ ಹೊರಗೋ? ಮಗುವಿಗೆ ಎಷ್ಟು ವಯಸ್ಸು?

ತಂತಿಗಾರ: ಪುಡಿಯ ಬಣ್ಣ ತೆಗೆದುಕೊಂಡು ಏನು ಮಾಡುತ್ತೀರಿ? ಮೂಲದಲ್ಲೇ ಬಲೆ ತಪ್ಪು.

ಹಕ್ಕಿಗೂಡು: ನಮ್ಮ ಬಾಲ್ಕನಿಗೂ ನಾಲ್ಕು ವರ್ಷದಿಂದ ಬಲೆ ಇದೆ. ಒಂದೇ ಒಂದು ಪಾರಿವಾಳ ಒಳಗೆ ಬಂದಿಲ್ಲ. ಕೊಕ್ಕೆಗಳು ಸಣ್ಣವೇ, ಇನ್ನೂ ಭದ್ರವಾಗಿವೆ.

ಕಂಬಿಕೆಲಸ: ಪಾರಿವಾಳ ಬಂದು ತಾಗಿ ಹಾರಿಹೋಗುತ್ತದೆ. ಮಗು ಎರಡೂ ಕೈಯಲ್ಲಿ ಬಲೆ ಹಿಡಿದು ಜೋತು ಬೀಳುತ್ತದೆ. ಹಕ್ಕಿಗಾಗಿ ಹಾಕುವ ಬಲೆಯನ್ನು ಮಗುವಿನ ರಕ್ಷಣೆಗೆ ಲೆಕ್ಕ ಹಿಡಿಯಬಾರದು.

ಹೊಸಮನೆ: ಕ್ಷಮಿಸಿ, ಮೊದಲೇ ಹೇಳಬೇಕಿತ್ತು. ಮಗುವಿಗೆ 20 ತಿಂಗಳು, ಸೋಫಾ ಹತ್ತುತ್ತಾಳೆ. ಬಾಡಿಗೆ ಮನೆ. ಸರಳುಗಳು ಅಡ್ಡಡ್ಡ, ಏಣಿಯಂತೆ. ಬಲೆ ಅದರ ಹೊರಗಿದೆ. ಪುಡಿ ಬೂದುಬಿಳುಪು, ಹಿಟ್ಟಿನಷ್ಟು ಮೆತ್ತಗೆ. ಮೇಲಿನವೂ ಬಲಗಡೆಯವೂ ಅಲುಗಲಿಲ್ಲ.

ಕಂಬಿಕೆಲಸ: ಹಾಗಾದರೆ ಮೇಲೆ ಕಾಂಕ್ರೀಟ್ ತೊಲೆ, ಬಲಕ್ಕೆ ಬಹುಶಃ ಕಾಂಕ್ರೀಟ್ ಕಂಬ, ಎಡಕ್ಕೆ ಹಗುರ ಬ್ಲಾಕಿನ ಗೋಡೆ. ಇಟ್ಟಿಗೆಯಾಗಿದ್ದರೆ ಪುಡಿ ಕೆಂಪಾಗಿರುತ್ತಿತ್ತು. ಇಂಥ ಬ್ಲಾಕಿನಲ್ಲಿ ಡ್ರಿಲ್ಲಿನ ಬಡಿತವನ್ನು ಚಾಲೂ ಇಟ್ಟು ಕೊರೆದರೆ ತೂತು ಅಗಲವಾಗಿಬಿಡುತ್ತದೆ. ಪ್ಲಗ್ ಚಿಕ್ಕದಾಗಿದ್ದರೆ ಅದರ ಅರ್ಧ ಗಾರೆಯಲ್ಲೇ ಮುಗಿಯುತ್ತದೆ. ಅದೇ ತೂತಿಗೆ ಸಿಮೆಂಟು ತುಂಬಿ ಮತ್ತೆ ತಿರುಗಿಸಲು ಒಪ್ಪಬೇಡಿ.

ಎಡ ಅಂಚಿಗೆ ಒಂದು ಉಕ್ಕಿನ ಎಲ್ ಆಂಗಲ್ ನಿಲ್ಲಿಸಿ. ಅದರ ತುದಿಯನ್ನು ತೊಲೆಗೆ ಬೋಲ್ಟ್ ಮಾಡಿ, ಬುಡವನ್ನು ಕಟಕಟೆಯ ಕಂಬಕ್ಕೆ ಕ್ಲಾಂಪ್ ಮಾಡಿ. ನಡುವೆ ಗೋಡೆಗೆ ಹಗುರ ಬ್ಲಾಕಿಗೆಂದೇ ಮಾಡಿದ ಉದ್ದ ಪ್ಲಗ್ಗುಗಳಿರಲಿ, ಬಡಿತ ಬಂದ್ ಮಾಡಿ ಹೊಸ ಜಾಗದಲ್ಲಿ ಕೊರೆಯಲಿ. ಆಗ ಭಾರವನ್ನು ಗೋಡೆಗಿಂತ ಆಂಗಲ್ ಹೊರುತ್ತದೆ. ತಂತಿಗಾರರೇ, ನಿಮ್ಮ ತಂತಿಗಳು ಯಾರೂ ಮುಟ್ಟದಿದ್ದಾಗಲೂ ಬಿಗಿತದಿಂದ ಗೋಡೆಯನ್ನು ಎಳೆಯುತ್ತಲೇ ಇರುತ್ತವೆ. ಈ ಗೋಡೆಗೆ ಅದು ಇನ್ನೂ ಕಷ್ಟ.

ತಂತಿಗಾರ: ತಂತಿಯನ್ನು ಮೇಲಿಂದ ಕೆಳಕ್ಕೆ ಕಟ್ಟಿದರೆ ಎಡಗೋಡೆಗೆ ಎಳೆತವೇ ಇಲ್ಲವಲ್ಲ. ತೊಲೆಗೂ ನೆಲಕ್ಕೂ ಹಿಡಿಸಬಹುದು.

ಕಂಬಿಕೆಲಸ: ಆ ಮಾತು ಸರಿ, ಒಪ್ಪುತ್ತೇನೆ. ಆದರೆ ಬಾಲ್ಕನಿ ನೆಲವನ್ನು ಸಾಲಾಗಿ ಕೊರೆದರೆ ನೀರುತಡೆ ಪದರ ಹಾಳಾಗಿ ಕೆಳಮನೆಗೆ ಸೋರುತ್ತದೆ. ಬಾಡಿಗೆ ಮನೆಯಲ್ಲಿ ಅದು ದೊಡ್ಡ ಜಗಳ.

ತಂತಿಗಾರ: ಸೀಲಂಟ್ ತುಂಬಿದರೆ ಸೋರುವುದಿಲ್ಲ. ನಾನು ನನ್ನ ಮನೆಯಲ್ಲಿ ಹಾಗೇ ಮಾಡಿದ್ದೇನೆ, 5 ಸೆಂಟಿಮೀಟರಿಗೆ ಒಂದು ತಂತಿ, ಸಂಜೆ ಬೆಳಕಿನಲ್ಲಿ ಕಾಣುವುದೇ ಇಲ್ಲ.

ಎರಡುಮಕ್ಕಳತಾಯಿ: ನೀವಿಬ್ಬರೂ ಅಡ್ಡ ಸರಳುಗಳನ್ನು ಮರೆತಿರಿ. ಬಲೆ ಹೊರಗಿದ್ದರೆ ಮಗು ಸರಳು ಹತ್ತಿ ಕಟಕಟೆಯ ಮೇಲೆ ನಿಂತು ಬಲೆಗೆ ಒರಗುತ್ತದೆ. ನನ್ನ ಮಗ ಹಾಗೇ ನಿಂತಿದ್ದನ್ನು ನಾನು ಅಡುಗೆಮನೆಯಿಂದ ನೋಡಿದ್ದೇನೆ. ನಾವು ಬಲೆಯನ್ನು ಕಟಕಟೆಯ ಒಳಮಗ್ಗುಲಿಗೆ ತಂದೆವು, ಕಾಲಿಡಲು ಸರಳೇ ಸಿಗದಂತೆ.

ಕಂಬಿಕೆಲಸ: ಖಂಡಿತ ಹಾಗೇ ಮಾಡಿ, ನಾನೇ ಹೇಳಬೇಕಿತ್ತು. ಆಂಗಲ್ ಕೂಡ ಒಳಗೇ ಬರಲಿ. ಕಟ್ಟಿದ ಮೇಲೆ ಸುಮಾರು 10 ಸೆಂಟಿಮೀಟರ್ ದಪ್ಪದ ಚೆಂಡನ್ನು ಕೆಳ ಅಂಚಿನುದ್ದಕ್ಕೂ ಒತ್ತಿ ನೋಡಿ. ಎಲ್ಲಿಯಾದರೂ ತೂರಿದರೆ ಅಲ್ಲಿ ಇನ್ನೊಂದು ಕಟ್ಟು ಬೇಕು. ಕುರ್ಚಿ, ಕುಂಡಗಳು ಹತ್ತಿರ ಬೇಡ.

ಹೊಸಮನೆ: ಮಾಲೀಕರು ಆಂಗಲ್‌ಗೆ ಒಪ್ಪಿದರು, ನೆಲ ಕೊರೆಯಲು ಒಪ್ಪಲಿಲ್ಲ. ಶುಕ್ರವಾರ ಕೆಲಸ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಇದೆ, ಸದ್ಯಕ್ಕೆ ಅದು ಸಾಕೇ?

ಕಂಬಿಕೆಲಸ: ಸಾಲದು. ಮಗು ಒರಗಿದರೆ ಜಾಲರಿ ಚೌಕಟ್ಟಿನ ಸಮೇತ ಹೊರಬೀಳುತ್ತದೆ. ಜಾರುವ ಕಿಟಕಿಯಾದರೆ 10 ಸೆಂಟಿಮೀಟರಿಗಿಂತ ಹೆಚ್ಚು ತೆರೆಯದಂತೆ ಹಳಿಗೆ ತಡೆ ಕೂರಿಸಿ. ಗ್ರಿಲ್ ಹಾಕಿಸಿದರೆ ಬೆಂಕಿ ಬಿದ್ದಾಗ ಹೊರಬರಲು ಒಂದು ಭಾಗ ತೆರೆಯುವಂತಿರಲಿ.

ತಂತಿಗಾರ: ತೆರೆಯುವ ಗ್ರಿಲ್ಲನ್ನು ಮಗುವೂ ತೆರೆಯುತ್ತದೆ.

ಎರಡುಮಕ್ಕಳತಾಯಿ: ಬೀಗ ಹಾಕಿ, ಕೀಲಿಯನ್ನು ಅದೇ ಕೋಣೆಯಲ್ಲಿ ದೊಡ್ಡವರ ಕೈಗೆ ಎಟುಕುವ ಮೊಳೆಗೆ ತೂಗುಹಾಕಿ. ಹೊಸಮನೆಯವರೇ, ನಿಮ್ಮ ಕಿಟಕಿ ಜಾರುವುದೋ, ಹೊರಕ್ಕೆ ತೆರೆಯುವುದೋ?