ಟ್ಯಾಗ್ ಎಲ್ಲ ಸರಿ ಇದೆ, ಚಿನ್ನದ ಲೆಕ್ಕ ಮಾತ್ರ ಕಮ್ಮಿ

ಮಂಡ್ಯದ ಅಂಗಡಿಯವರು: ನಮಸ್ಕಾರ ಸರ್. ಟ್ಯಾಗ್ ಎಣಿಸಿದರೆ ಒಂದು ಪೀಸೂ ಕಮ್ಮಿ ಇಲ್ಲ. ಹಳೇ ಚಿನ್ನ ಕರಗಿಸಿದಾಗ ಮಾತ್ರ ಪ್ರತಿ ಸಲ ಲೆಕ್ಕಕ್ಕಿಂತ ಕಮ್ಮಿ ಬರುತ್ತೆ. ಸಾಫ್ಟ್‌ವೇರ್ ತಪ್ಪಾ?

ಸಲಹೆಗಾರರು: ಒಂದು ಎಕ್ಸ್‌ಚೇಂಜ್ ಬಿಲ್ ಹೇಳಿ.

ಮಂಡ್ಯದ ಅಂಗಡಿಯವರು: ಹಳೇ ಸರ, ಒಟ್ಟು 20 ಗ್ರಾಂ. ಕಲ್ಲು, ಅರಗು 0.600. ಮಿಷನ್‌ನಲ್ಲಿ 88 ಟಚ್. ದುಡ್ಡು 88ರ ಲೆಕ್ಕದಲ್ಲೇ ಕೊಟ್ಟೆವು. ಐಟಂ '22 ಕ್ಯಾರೆಟ್' ಅಂತ ಹಾಕಿದೆವು.

ಸಲಹೆಗಾರರು: ಎಡವಿದ್ದು ಅಲ್ಲೇ. ದುಡ್ಡಿನ ಲೆಕ್ಕ ಸರಿಯಾಗಿದೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ನಿವ್ವಳ 19.400 ಗ್ರಾಂ. 22 ಕ್ಯಾರೆಟ್ ಅಂದ ಕೂಡಲೇ ಸಾಫ್ಟ್‌ವೇರ್ ಅದನ್ನು 916, ಅಂದರೆ 91.6 ಟಚ್ ಅಂತ ತಗೊಂಡು, 17.770 ಗ್ರಾಂ ಅಪ್ಪಟ ಚಿನ್ನ ಬಂತು ಅಂತ ಬರೆದುಕೊಂಡಿದೆ. 88 ಟಚ್ ಅಂದರೆ ನೂರಕ್ಕೆ 88 ಭಾಗ ಚಿನ್ನ, ನಿಜವಾಗಿ ಬಂದಿದ್ದು 17.072. ಒಂದೇ ಸರದಲ್ಲಿ 0.698 ಗ್ರಾಂ ಬರೀ ಪುಸ್ತಕದಲ್ಲಿದೆ.

ಸಾಫ್ಟ್‌ವೇರ್‌ನಲ್ಲಿ 'ಹಳೇ ಚಿನ್ನ' ಅಂತ ಬೇರೆ ಐಟಂ ಮಾಡಿ, ಬೇರೆ ಗೋಡೌನ್‌ಗೆ ಹಾಕಿ. ಒಟ್ಟು ತೂಕ, ಕಲ್ಲಿನ ತೂಕ, ಟಚ್ ಮೂರನ್ನೂ ಪ್ರತಿ ಬಿಲ್‌ನಲ್ಲೂ ತುಂಬಿ. ಹಳೇ ಚಿನ್ನಕ್ಕೆ ಟ್ಯಾಗ್ ಹಾಕಬೇಡಿ. ಕರಗಿಸಲು ಕೊಟ್ಟಾಗ ಇಶ್ಯೂ, ಗಟ್ಟಿ ಬಂದಾಗ ಅದರ ತೂಕ, ಟಚ್ ಹಾಕಿ ರಿಸೀಟ್. ಆಚಾರಿ ಹೊಸ ಒಡವೆ ತಂದುಕೊಟ್ಟು, ತೂಕ ನೋಡಿದ ಮೇಲೆಯೇ ಟ್ಯಾಗ್. ಆಮೇಲೂ ಸ್ವಲ್ಪ ಕಮ್ಮಿ ಬಂದರೆ ಅದು ಕರಗಿಸಿದ ನಷ್ಟ. ಪ್ರತಿ ಸಲ ಜಾಸ್ತಿಯೇ ಕಮ್ಮಿ ಬಂದರೆ ಟಚ್ ನೋಡುವ ಮಿಷನ್ ಪರೀಕ್ಷಿಸಿ. ಒಡವೆ ಮೇಲೆ ಚಿನ್ನದ ಮುಲಾಮು ಇದ್ದರೆ ಮಿಷನ್ ಟಚ್ ಜಾಸ್ತಿ ತೋರಿಸುತ್ತೆ.

ಶ್ರೀರಂಗಪಟ್ಟಣದವರು: ಮಾರುವಾಗ ವೇಸ್ಟೇಜ್ ಸೇರಿಸಿ ಸ್ಟಾಕ್ ಕಳೀಬೇಕಾ ಸರ್?

ಸಲಹೆಗಾರರು: ಬೇಡ. ವೇಸ್ಟೇಜ್ ಬೆಲೆಗೆ, ತೂಕಕ್ಕಲ್ಲ. 10 ಗ್ರಾಂ ಟ್ಯಾಗ್ ಮಾರಿದರೆ 10 ಗ್ರಾಂ ಹೋಯಿತು.

ನಂಜನಗೂಡಿನವರು: ಬಂದಿದ್ದನ್ನು ಹಾಕ್ತಿದೀನಿ: "ಸ್ಟಾಕ್ ಹೊಂದದಿದ್ದರೆ ಮಾರ್ಚ್ 31ಕ್ಕೆ ಅಡ್ಜಸ್ಟ್‌ಮೆಂಟ್ ಎಂಟ್ರಿ ಹಾಕಿ, ಎಲ್ಲ ಸರಿಹೋಗುತ್ತೆ. ಎಲ್ಲರಿಗೂ ಕಳಿಸಿ."

ಸಲಹೆಗಾರರು: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಟಚ್ ತಪ್ಪೋ, ಕಳ್ಳತನವೋ ಅಂತ ತಿಳಿಯುವ ದಾರಿಯೇ ಮುಚ್ಚಿಹೋಗುತ್ತೆ. ಇಂಥವನ್ನು ಇಲ್ಲಿ ಹಾಕಬೇಡಿ.

ಅಶೋಕ ರಸ್ತೆ ಅಂಗಡಿ: ಎಕ್ಸ್‌ಚೇಂಜ್ ಆದರೆ ವ್ಯತ್ಯಾಸದ ಮೇಲೆ ಮಾತ್ರ ಜಿಎಸ್‌ಟಿ. ನಾವು ಹಾಗೇ ಹಾಕ್ತೀವಿ.

ಮದ್ದೂರಿನ ಅಕೌಂಟೆಂಟ್: ತಪ್ಪು. ಹೊಸ ಒಡವೆಯ ಪೂರ್ತಿ ಬೆಲೆಗೆ 3%. ಆಮೇಲೆ ಹಳೇದರ ಬೆಲೆ ಕಳೀರಿ.

ಅಶೋಕ ರಸ್ತೆ ಅಂಗಡಿ: ಮಾರ್ಜಿನ್ ಸ್ಕೀಮ್ ಕೇಳಿಲ್ವಾ?

ಮದ್ದೂರಿನ ಅಕೌಂಟೆಂಟ್: ಅದು ಹಳೇ ಒಡವೆಯನ್ನು ಹಾಗೇ ಮಾರಿದರೆ. ನೀವು ಕರಗಿಸ್ತೀರಿ!

ಅಶೋಕ ರಸ್ತೆ ಅಂಗಡಿ: ನಮ್ಮ ಆಡಿಟರ್‌ಗಿಂತ ನಿಮಗೆ ಜಾಸ್ತಿ ಗೊತ್ತಾ?

ಕೆ.ಆರ್. ಪೇಟೆಯವರು: ಟ್ಯಾಗ್ ಪ್ರಿಂಟರ್ ಯಾವುದು ಒಳ್ಳೇದು?

ಗೃಹಿಣಿ, ಮೈಸೂರು: ನನ್ನ ಬಳೆಗೆ ಹಾಲ್‌ಮಾರ್ಕ್ ಇದೆ, ಆದರೂ ಅಂಗಡಿಯವರು ಕಲ್ಲಿನ ತೂಕ ಕಳೆದರು. ಸರೀನಾ?

ಸಲಹೆಗಾರರು: ಸರಿ ಅಮ್ಮ. ಹಾಲ್‌ಮಾರ್ಕ್ ಇರೋದು ಬಳೆಯ ಚಿನ್ನಕ್ಕೆ, ಕಲ್ಲಿಗಲ್ಲ. ಕಲ್ಲು ಬಿಚ್ಚಿ ವಾಪಸ್ ಕೊಡಿ ಅಂತ ಕೇಳಿ.

ಹುಣಸೂರಿನವರು: ವೇಸ್ಟೇಜ್ ಸ್ಟಾಕ್‌ನಲ್ಲಿ ಕಳೀಬೇಕಾ?

ಸಲಹೆಗಾರರು: ಮೇಲೆ ಓದಿ.

ಮಂಡ್ಯದ ಅಂಗಡಿಯವರು: ಸರ್, ಹಿಂದಿನ ಬಿಲ್‌ಗಳಲ್ಲಿ ಟಚ್ ಬರೆದೇ ಇಲ್ಲ. ಏನು ಮಾಡೋದು?

ಸಲಹೆಗಾರರು: ಕೊಟ್ಟ ದುಡ್ಡು ಇದೆಯಲ್ಲ. ಅದನ್ನು ನಿವ್ವಳ ತೂಕದಿಂದ ಭಾಗಿಸಿ, ಆಮೇಲೆ ನೀವು ಹಿಡಿದ ಆ ದಿನದ 24 ಕ್ಯಾರೆಟ್ ಒಂದು ಗ್ರಾಂ ದರದಿಂದ ಭಾಗಿಸಿ. 0.88 ಬಂದರೆ 88 ಟಚ್. ಬೇರೆ ಏನಾದರೂ ಕಳೆದಿದ್ದರೆ ಅದನ್ನು ಮೊದಲು ದುಡ್ಡಿಗೆ ಕೂಡಿಸಿಕೊಳ್ಳಿ.