ಮುಗಿಯುವ ಹೊತ್ತಿಗೆ ಸೆಳೆತ, ಮುಗಿದ ಮೇಲೂ ಇಳಿಯದ ಬಿ.ಪಿ.: ಡ್ರೈ ವೇಟ್ ಏರಿಸಬೇಕೇ, ಇಳಿಸಬೇಕೇ?

ಪ್ರಶ್ನೆ (ಡಯಾಲಿಸಿಸ್ ತಂತ್ರಜ್ಞೆ, ತಾಲ್ಲೂಕು ಆಸ್ಪತ್ರೆ): ವಾರಕ್ಕೆ ಎರಡು ಬಾರಿ ಬರುವ 52 ವರ್ಷದ ರೋಗಿಯೊಬ್ಬರಿಗೆ ಆರು ತಿಂಗಳ ಹಿಂದೆ ಡ್ರೈ ವೇಟ್, ಅಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, 58 ಕೆ.ಜಿ. ಎಂದು ಬರೆಯಲಾಗಿದೆ. ಪ್ರತಿ ಸಲ 61 ಕೆ.ಜಿ. ಇರುತ್ತಾರೆ, ನಾಲ್ಕು ಗಂಟೆಯಲ್ಲಿ ಮೂರು ಲೀಟರ್ ತೆಗೆಯುತ್ತೇವೆ. ಕೊನೆಯ ಅರ್ಧ ಗಂಟೆಯಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಕಾಲಿನಲ್ಲಿ ಬಾವು ಇಲ್ಲ. ಆದರೂ ಮುಗಿದ ಮೇಲೆ ಬಿ.ಪಿ. 170/90 ಇರುತ್ತದೆ. ತೂಕದ ಗುರಿಯನ್ನು ಏನು ಮಾಡಬೇಕು?

ಇನ್ನೊಬ್ಬ ತಂತ್ರಜ್ಞ: ಸೆಳೆತ ಬಂತೆಂದರೆ ಡ್ರೈ ವೇಟ್ ದಾಟಿತೆಂದೇ ಅರ್ಥ. ಅರ್ಧ ಕೆ.ಜಿ. ಏರಿಸಿ, ಬಿ.ಪಿ.ಗೆ ಮಾತ್ರೆ ಹೆಚ್ಚಿಸಲು ವೈದ್ಯರಿಗೆ ಹೇಳಿ. ಕಾಲು ಬಾತಿಲ್ಲದವರಲ್ಲಿ ಹೆಚ್ಚುವರಿ ನೀರು ಎಲ್ಲಿರುತ್ತದೆ?

ಮೂತ್ರಪಿಂಡ ತಜ್ಞರು: ಸೆಳೆತ ಎಚ್ಚರಿಕೆಯ ಗುರುತು ಎಂಬುದು ನಿಜ, ಆದರೆ ಅದು ಎರಡು ಬೇರೆ ಕಾರಣಗಳಿಂದ ಬರುತ್ತದೆ. ದೇಹದಲ್ಲಿ ತೆಗೆಯುವಷ್ಟು ನೀರೇ ಉಳಿಯದಿದ್ದರೂ ಬರುತ್ತದೆ. ನೀರು ಸಾಕಷ್ಟಿದ್ದು, ಅಂಗಾಂಶದಿಂದ ರಕ್ತನಾಳಕ್ಕೆ ಅದು ಮರಳುವುದಕ್ಕಿಂತ ವೇಗವಾಗಿ ಯಂತ್ರ ಎಳೆದರೂ ಬರುತ್ತದೆ. ನಿಮ್ಮ ರೋಗಿಯಲ್ಲಿ ಗಂಟೆಗೆ 750 ಮಿ.ಲೀ. ಹೋಗುತ್ತಿದೆ, ಅಂದರೆ ಪ್ರತಿ ಕೆ.ಜಿ.ಗೆ ಗಂಟೆಗೆ ಸುಮಾರು 13 ಮಿ.ಲೀ. ಸಾಮಾನ್ಯವಾಗಿ ನಾವು ದಾಟಬಾರದೆಂದು ಹೇಳುವ ಮಿತಿಯೇ ಅದು. ಆದ್ದರಿಂದ ಈ ಸೆಳೆತವನ್ನು ವೇಗದ ಲೆಕ್ಕಕ್ಕೆ ಹಾಕುವ ಮೊದಲೇ ತೂಕದ ಲೆಕ್ಕಕ್ಕೆ ಹಾಕಬಾರದು.

ಬಾವಿನ ವಿಷಯದಲ್ಲಿ ಹೇಳುವುದಾದರೆ, ಎರಡು ಮೂರು ಲೀಟರ್ ನೀರು ಹೆಚ್ಚಾಗುವವರೆಗೂ ಕಾಲು ಒತ್ತಿದಾಗ ಕುಳಿ ಬೀಳದೇ ಇರಬಹುದು. ಹಾಸಿಗೆಯಲ್ಲೇ ಹೆಚ್ಚು ಹೊತ್ತು ಇರುವವರಲ್ಲಿ ಅದು ಸೊಂಟದ ಹಿಂಭಾಗದಲ್ಲಿ ಸೇರುತ್ತದೆ, ಅಲ್ಲಿಯೂ ಒತ್ತಿ ನೋಡಿ. ಶ್ವಾಸಕೋಶದಲ್ಲಿ ಸ್ಟೆತಸ್ಕೋಪಿಗೆ ಏನೂ ಕೇಳಿಸದಿದ್ದರೂ ನೀರು ಇರಬಹುದು. ಆದ್ದರಿಂದ ರೋಗಿಯನ್ನು ಎರಡು ಪ್ರಶ್ನೆ ಕೇಳಿ: ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ? ಈ ಆರು ತಿಂಗಳಲ್ಲಿ ಜ್ವರವೋ ಆಸ್ಪತ್ರೆ ವಾಸವೋ ಆಗಿತ್ತೇ?

ಪ್ರಶ್ನೆ ಕೇಳಿದವರು: ಕೇಳಿದೆ ಸರ್. ಎರಡು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಊಟ ಬಿಟ್ಟಿದ್ದರಂತೆ. ಡಯಾಲಿಸಿಸ್‌ನ ಹಿಂದಿನ ರಾತ್ರಿ ಎದ್ದು ಕುಳಿತೇ ಇರುತ್ತಾರಂತೆ. ಪ್ಯಾಂಟು ಸಡಿಲವಾಗಿದೆ ಎಂದೂ ಹೇಳಿದರು.

ಮೂತ್ರಪಿಂಡ ತಜ್ಞರು: ಹಾಗಾದರೆ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಮೈಯ ಮಾಂಸ ಕರಗಿದೆ, ಅದರ ಜಾಗಕ್ಕೆ ನೀರು ಬಂದಿದೆ, ತಕ್ಕಡಿ ಮಾತ್ರ ಅದೇ 58 ತೋರಿಸುತ್ತಿದೆ. ನಿಜವಾದ ಡ್ರೈ ವೇಟ್ 56ರಿಂದ 57ರ ನಡುವೆ ಇರಬಹುದೆಂದು ನನ್ನ ಅಂದಾಜು. ಆದರೆ ನಾಳೆಯೇ 57ಕ್ಕೆ ಇಳಿಸಿದರೆ ನಾಲ್ಕು ಗಂಟೆಯಲ್ಲಿ ನಾಲ್ಕು ಲೀಟರ್ ತೆಗೆಯಬೇಕಾಗುತ್ತದೆ, ಅದು ಪ್ರತಿ ಕೆ.ಜಿ.ಗೆ ಗಂಟೆಗೆ 17 ಮಿ.ಲೀ. ಮೀರುತ್ತದೆ, ಸೆಳೆತದ ಜೊತೆಗೆ ಬಿ.ಪಿ.ಯೂ ಕುಸಿಯುತ್ತದೆ. ಬದಲಿಗೆ ಒಂದು ಸಲಕ್ಕೆ 300 ಗ್ರಾಂ ಮಾತ್ರ ಇಳಿಸಿ, ಸಮಯವನ್ನು ನಾಲ್ಕೂವರೆ ಗಂಟೆ ಮಾಡಿ. ಆಗ 3.3 ಲೀಟರ್ ತೆಗೆದರೂ ಗಂಟೆಗೆ 733 ಮಿ.ಲೀ. ಮಾತ್ರ ಆಗುತ್ತದೆ, ಈಗಿನದಕ್ಕಿಂತ ನಿಧಾನ. ಪ್ರತಿ ಬದಲಾವಣೆಯನ್ನೂ ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಬಿ.ಪಿ. ಮರುದಿನವೇ ಇಳಿಯಲಿಲ್ಲವೆಂದು ಮಾತ್ರೆ ಹೆಚ್ಚಿಸಬೇಡಿ; ನೀರು ಸರಿಹೋದ ಮೇಲೂ ಅದು ಇಳಿಯಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕಾಗುತ್ತವೆ.

ರೋಗಿಯೊಬ್ಬರ ಮಗಳು: ನಮ್ಮ ಅಮ್ಮನಿಗೂ ಡಯಾಲಿಸಿಸ್ ಇದೆ. ಎರಡೂ ಪಾದ ಬಾತಿವೆ, ಆದರೆ ಬಿ.ಪಿ. ಮುಗಿಯುವಾಗ 100ಕ್ಕೆ ಬರುತ್ತದೆ, ತಲೆ ಸುತ್ತುತ್ತದೆ. ಅವರದ್ದೂ ಇಳಿಸಬೇಕೇ?

ಮೂತ್ರಪಿಂಡ ತಜ್ಞರು: ಇಲ್ಲಮ್ಮಾ, ಇದು ಬೇರೆಯೇ ವಿಷಯ. ನೀವಾಗಿಯೇ ಏನನ್ನೂ ಬದಲಿಸಬೇಡಿ. ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಪಾದ ಬಾಯುತ್ತದೆ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಿದ್ದರೂ ಬಾಯುತ್ತದೆ, ಆ ಬಾವನ್ನು ಯಂತ್ರದಿಂದ ಎಳೆದು ತೆಗೆಯಲು ಹೋದರೆ ಬಿ.ಪಿ. ಬೀಳುತ್ತದೆ. ಹೃದಯದ ಎಕೋ ಮತ್ತು ಆಲ್ಬುಮಿನ್ ವರದಿಯನ್ನು, ಮಾತ್ರೆಗಳ ಚೀಟಿಯನ್ನು ನಿಮ್ಮ ವೈದ್ಯರ ಮುಂದಿಡಿ.

ಫಿಜಿಷಿಯನ್ ಒಬ್ಬರು: ಅಂದಾಜನ್ನೇ ನೆಚ್ಚುವ ಬದಲು ಎದೆಯ ಅಲ್ಟ್ರಾಸೌಂಡ್ ಮಾಡಿಸಬಹುದಲ್ಲವೇ? ನೀರಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ಮೂತ್ರಪಿಂಡ ತಜ್ಞರು: ಮಾಡುವವರಿದ್ದರೆ ಖಂಡಿತ ಮಾಡಿಸಿ. ಆದರೆ ಹೃದಯ ದುರ್ಬಲವಾಗಿದ್ದರೂ, ಶ್ವಾಸಕೋಶಕ್ಕೆ ನ್ಯುಮೋನಿಯಾದ ಗಾಯವಿದ್ದರೂ ಆ ಗೆರೆಗಳು ಕಾಣುತ್ತವೆ. ಈ ರೋಗಿಗೆ ನ್ಯುಮೋನಿಯಾ ಆಗಿದ್ದುದರಿಂದ ಅದೊಂದನ್ನೇ ನೋಡಿ ತೀರ್ಮಾನಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು: ಸರ್, ದಿನಕ್ಕೆ ಮೂರು ಪಾಳಿ ಇರುವುದರಿಂದ ನಾಲ್ಕೂವರೆ ಗಂಟೆ ಕೊಡುವುದು ನಮ್ಮಲ್ಲಿ ಕಷ್ಟ.

ಮೂತ್ರಪಿಂಡ ತಜ್ಞರು: ಹಾಗಿದ್ದರೆ ಎರಡು ವಾರದ ಮಟ್ಟಿಗೆ ಈ ರೋಗಿಗೆ ವಾರದಲ್ಲಿ ಮೂರನೆಯ ಸರದಿಯೊಂದು ಸಿಗುತ್ತದೆಯೇ ನೋಡಿ. ಅದೂ ಆಗದಿದ್ದರೆ ಉಪ್ಪಿನಿಂದ ಆರಂಭಿಸಬೇಕು. ಉಪ್ಪಿನಕಾಯಿ, ಹಪ್ಪಳ, ಸಾರಿಗೆ ಮೇಲಿಂದ ಹಾಕಿಕೊಳ್ಳುವ ಉಪ್ಪು ನಿಂತು ಎರಡು ಸರದಿಗಳ ನಡುವಿನ ಏರಿಕೆ ಎರಡೂವರೆ ಕೆ.ಜಿ.ಗೆ ಬಂದರೆ, ನಾಲ್ಕೇ ಗಂಟೆಯಲ್ಲೂ 300 ಗ್ರಾಂ ಹೆಚ್ಚು ತೆಗೆಯಲು ಜಾಗ ಸಿಗುತ್ತದೆ. ರಾತ್ರಿ ಮಲಗಿ ನಿದ್ರಿಸಲು ಆಗುತ್ತಿದೆಯೇ ಎಂಬುದನ್ನು ಪ್ರತಿ ಸರದಿಗೂ ಬಿ.ಪಿ.ಯ ಪಕ್ಕದಲ್ಲಿ ಬರೆದಿಡಿ. ನಿಧಾನವಾಗಿ ತೆಗೆದಾಗಲೂ ಸೆಳೆತ ಬಂದರೆ ನನ್ನ ಅಂದಾಜು ತಪ್ಪಿರಬಹುದು, ಆಗ ಇಳಿಸುವುದನ್ನು ನಿಲ್ಲಿಸಿ ತಿಳಿಸಿ.