ಪದಚರ್ಚೆ: ಲಾಡ್ಜಿನ ಟವೆಲ್ ಲೆಕ್ಕದ ‘ಪಾರ್’

ಗೆಳೆಯರೇ,
ಮಡಿಕೇರಿಯಲ್ಲಿ 12 ರೂಮಿನ ಲಾಡ್ಜ್ ಒಂದರ ರೂಮ್‌ಬಾಯ್‌ಗಳಿಗೆ ಕನ್ನಡದಲ್ಲಿ ಸೂಚನೆ ಬರೆಯುತ್ತಿದ್ದೇನೆ. ಮಾಲೀಕರು ಕೊಟ್ಟ ಸಾಲು: ‘ಸ್ನಾನದ ಟವೆಲ್ 3 ಪಾರ್ ಇರಬೇಕು’. ಪಾರ್‌ಗೆ ‘ಕನಿಷ್ಠ ದಾಸ್ತಾನು’ ಅಂತ ಬರೆದರೆ ನಡೆಯುತ್ತದಾ?
— ಮಡಿಕೇರಿ

ಧಾರಾಳವಾಗಿ ನಡೆಯುತ್ತದೆ. ನಮ್ಮ ಬಾರಿನಲ್ಲೂ ಪಾರ್ ಇದೆ. ಒಂದು ಬ್ರ್ಯಾಂಡಿಗೆ 6 ಬಾಟಲಿ ಪಾರ್ ಅಂದರೆ, ಖಾಲಿಯಾದಷ್ಟನ್ನು ಸ್ಟೋರಿನಿಂದ ತಂದು ದಿನವೂ 6 ಮಾಡುತ್ತೇವೆ.
— ಹುಬ್ಬಳ್ಳಿ

ಹುಬ್ಬಳ್ಳಿಯವರೇ, ನೀವು ಹೇಳಿದ್ದು ಬಾರಿಗೆ ಸರಿ. ಅಲ್ಲೂ ಅದು ತುಂಬಿಸಿಡುವ ಮಟ್ಟ, ಕನಿಷ್ಠ ಅಲ್ಲ ಅಲ್ವಾ?

ಲಿನನ್‌ನಲ್ಲಿ ಎಲ್ಲ ರೂಮಿಗೂ ಒಂದು ಸಲ ಹಾಕಲು ಬೇಕಾದಷ್ಟು ಬಟ್ಟೆಯೇ ಒಂದು ಪಾರ್. ರೂಮಿಗೆ 2 ಟವೆಲ್ ಆದರೆ 24. ಅಷ್ಟು ರೂಮಿನಲ್ಲಿ, ಅಷ್ಟೇ ಲಾಂಡ್ರಿಯಲ್ಲಿ, ಅಷ್ಟೇ ಕಪಾಟಿನಲ್ಲಿ. ಒಟ್ಟು 72. ಆದರೆ ಇದು ಇವತ್ತು ಕೊಟ್ಟ ಬಟ್ಟೆ ನಾಳೆ ಬರುವ ಊರಿನ ಲೆಕ್ಕ. ನಿಮ್ಮ ಕಡೆ ಮಳೆಗಾಲದಲ್ಲಿ ಒಣಗದೆ ದೋಬಿ ಮೂರು ದಿನ ಇಟ್ಟುಕೊಂಡರೆ, ರೂಮು ತುಂಬಿರುವಾಗ ಅವರ ಹತ್ತಿರವೇ 72 ಕೂತಿರುತ್ತದೆ. ಆಗ ಒಟ್ಟು 120 ಬೇಕು, ಅಂದರೆ 5 ಪಾರ್. ಮಾಲೀಕರ 3 ಎಲ್ಲಿಗೂ ಸಾಲದು.

ಕಪಾಟಿನಲ್ಲಿರುವುದು ಸುಮ್ನೆ ಜಾಸ್ತಿ ಇಟ್ಟದ್ದಲ್ಲ. ಒಗೆದ ಹತ್ತಿ ಬಟ್ಟೆಗೆ ಒಂದು ದಿನ ಬಿಡುವು ಸಿಕ್ಕರೆ ಹೆಚ್ಚು ಬಾಳುತ್ತದೆ. ಇಸ್ತ್ರಿಯ ಬಿಸಿ ಆರದ ಟವೆಲ್ ನೇರ ರೂಮಿಗೆ ಹೋಗುತ್ತಿದೆಯಾ? ಹಾಗಾದರೆ ಪಾರ್ ಕಡಿಮೆ ಬಿದ್ದಿದೆ ಅಂತಲೇ ಅರ್ಥ.

ಎಣಿಸುವಾಗ ಮೂರು ಕಡೆಯೂ ಒಂದೇ ಹೊತ್ತಿಗೆ ಎಣಿಸಿ. ಬೆಳಿಗ್ಗೆ ಕಪಾಟು, ಸಂಜೆ ರೂಮು ಅಂತ ಮಾಡಿದರೆ ಒಂದೇ ಟವೆಲ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಪದಕ್ಕೆ ‘ಸುತ್ತು’ ಹೇಗೆ? ಮೂರು ಸುತ್ತು ಟವೆಲ್.
— ಮೈಸೂರು, ಹೌಸ್‌ಕೀಪಿಂಗ್‌ನಲ್ಲೇ ತಲೆ ನರೆತವನು

ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ನಮ್ಮ ಗೋಳು ಬೇರೆ. ತಲೆಗೂದಲಿನ ಡೈ ಮೆತ್ತಿದ ಟವೆಲ್ ನೆಲ ಒರೆಸೋಕೆ ಹೋಗುತ್ತದೆ, ಪುಸ್ತಕದಲ್ಲಿ ಮಾತ್ರ ಟವೆಲ್ ಆಗಿಯೇ ಉಳಿದಿರುತ್ತದೆ. ಇಂಥದ್ದಕ್ಕೆ ಕನ್ನಡದಲ್ಲಿ ಏನಂತಾರೆ?
— ತೀರ್ಥಹಳ್ಳಿ

‘ರದ್ದಿ’ ಅನ್ನಿ ಮೇಡಂ. ಕತ್ತರಿಸಿದ ದಿನವೇ ತಾರೀಖು ಹಾಕಿ ಪುಸ್ತಕದಿಂದ ಕಳೆಯಿರಿ. ಇಲ್ಲದಿದ್ದರೆ ಕಾಗದದಲ್ಲಿ 5 ಪಾರ್, ಕೈಯಲ್ಲಿ 4.
— ಮೈಸೂರು

‘ಮೂರು ಸುತ್ತು ಟವೆಲ್’ ಅಂದರೆ ನಮ್ಮ ಹುಡುಗರು ಟವೆಲನ್ನು ಸುರುಳಿ ಸುತ್ತಿ ಇಡ್ತಾರೆ ಸಾರ್! ‘ಪಾರ್’ ಅಂತಲೇ ಬಿಡಿ.
— ಹುಬ್ಬಳ್ಳಿ

ಸದ್ಯಕ್ಕೆ ಪದವನ್ನೇ ಬಿಟ್ಟು ‘ರೂಮಿನಲ್ಲಿ 24, ದೋಬಿ ಹತ್ತಿರ 72, ಕಪಾಟಿನಲ್ಲಿ 24’ ಅಂತ ಬರೆದಿದ್ದೇನೆ. ಬೇಸಿಗೆಗೆ ಬೇರೆ ಅಂಕಿ ಹಾಕಬೇಕಾ, ಇದೇ ಸಾಕಾ? ಮಾಲೀಕರಿಗೆ 120 ಅಂತ ಇನ್ನೂ ಹೇಳಿಲ್ಲ.
— ಮಡಿಕೇರಿ